ಯಾವ ಕಾಯಿಲೆ, ಯಾವ ಹೊತ್ತು? ಪ್ರಿವೆನ್ಷನ್ ಮತ್ತು ಸ್ಕ್ರೀನಿಂಗ್ ಪ್ರಶ್ನೆಗಳನ್ನು ಬಿಡಿಸುವ ದಾರಿ

ಎಂಟು ವರ್ಷದ ಹುಡುಗನಿಗೆ ಗಂಟಲು ನೋವು, ಜ್ವರ. ಸ್ಟ್ರೆಪ್ಟೊಕಾಕಸ್ ಸೋಂಕು ಅಂತ ವೈದ್ಯರು ಗುರುತಿಸಿ ಪೆನಿಸಿಲಿನ್ ಕೊಡುತ್ತಾರೆ. ಇದು ಯಾವ ಹಂತದ ಪ್ರಿವೆನ್ಷನ್?

ನರ್ಸಿಂಗ್ ಕ್ಲಾಸಿನಲ್ಲಿ ಈ ಪ್ರಶ್ನೆ ಕೇಳಿದರೆ ಅರ್ಧ ಜನ ಪ್ರೈಮರಿ ಅನ್ನುತ್ತಾರೆ, ಇನ್ನರ್ಧ ಸೆಕೆಂಡರಿ ಅನ್ನುತ್ತಾರೆ. ಎರಡೂ ಸರಿಯಾಗಬಹುದು. ಯಾಕೆಂದರೆ ನಾನು ಪ್ರಶ್ನೆಯನ್ನೇ ಪೂರ್ತಿ ಕೇಳಿಲ್ಲ. ಯಾವ ಕಾಯಿಲೆಯ ಪ್ರಿವೆನ್ಷನ್ ಅಂತ ಹೇಳಿಲ್ಲ, ಅಲ್ವಾ? ಗಂಟಲ ಸೋಂಕಿನ ಲೆಕ್ಕದಲ್ಲಿ ನೋಡಿದರೆ ಕಾಯಿಲೆ ಆಗಲೇ ಬಂದಿದೆ, ಬೇಗ ಗುರುತಿಸಿ ಔಷಧಿ ಕೊಟ್ಟಿದ್ದೇವೆ. ಹಾಗಾಗಿ ಅದು ಸೆಕೆಂಡರಿ. ಈ ಗಂಟಲ ಸೋಂಕಿಗೆ ಔಷಧಿ ಸಿಗದಿದ್ದರೆ ಕೆಲವರಿಗೆ ಮುಂದೆ ರುಮ್ಯಾಟಿಕ್ ಜ್ವರ ಬರುತ್ತದೆ. ಅದರ ಲೆಕ್ಕದಲ್ಲಿ ನೋಡಿದರೆ ಆ ಜ್ವರ ಇನ್ನೂ ಬಂದೇ ಇಲ್ಲ. ಬರದಂತೆ ತಡೆಯುತ್ತಿದ್ದೇವೆ. ಹಾಗಾಗಿ ಅದು ಪ್ರೈಮರಿ. ಒಂದೇ ಔಷಧಿ, ಒಂದೇ ಹುಡುಗ, ಎರಡು ಉತ್ತರ.

ಕಮ್ಯುನಿಟಿ ಹೆಲ್ತ್ ಪೇಪರಿನಲ್ಲಿ ಈ ಭಾಗದ ಪ್ರಶ್ನೆ ತಪ್ಪುವುದು ಹೆಚ್ಚಾಗಿ ಇಲ್ಲೇ. ವಿದ್ಯಾರ್ಥಿಗಳು "ಲಸಿಕೆ ಅಂದ್ರೆ ಪ್ರೈಮರಿ, ಔಷಧಿ ಅಂದ್ರೆ ಸೆಕೆಂಡರಿ, ಆಪರೇಷನ್ ಅಂದ್ರೆ ಟರ್ಷರಿ" ಅಂತ ಪಟ್ಟಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಪ್ರಶ್ನೆ ಮಾಡುವವರಿಗೆ ಆ ಪಟ್ಟಿ ಚೆನ್ನಾಗಿ ಗೊತ್ತು. ಅದನ್ನು ದಾಟಿಸುವ ಹಾಗೇ ಪ್ರಶ್ನೆ ಬರೆಯುತ್ತಾರೆ. ಪಟ್ಟಿ ಬಿಟ್ಟುಬಿಡಿ. ಪ್ರತಿ ಪ್ರಶ್ನೆಗೂ ಎರಡು ಸಂಗತಿ ಕೇಳಿಕೊಳ್ಳಿ: ಯಾವ ಕಾಯಿಲೆ? ಆ ಕಾಯಿಲೆ ಈ ವ್ಯಕ್ತಿಯಲ್ಲಿ ಈಗ ಎಲ್ಲಿಯವರೆಗೆ ಬಂದಿದೆ?

ಮೊದಲ ಹೆಜ್ಜೆ: ಕಾಯಿಲೆಯ ಹೆಸರಿಗೆ ಗೆರೆ ಎಳೆಯಿರಿ

ಪ್ರಶ್ನೆಯಲ್ಲಿ ಎರಡು ಮೂರು ಕಾಯಿಲೆಗಳ ಹೆಸರು ಇರಬಹುದು. ಯಾವುದನ್ನು ತಡೆಯಬೇಕು ಅಂತ ಕೇಳಿದ್ದಾರೋ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಬಿ.ಪಿ. ಇರುವವರಿಗೆ ಮಾತ್ರೆ ಕೊಡುವುದು ಬಿ.ಪಿ.ಯ ಲೆಕ್ಕದಲ್ಲಿ ಸೆಕೆಂಡರಿ. ಅದೇ ಮಾತ್ರೆ ಪಾರ್ಶ್ವವಾಯುವಿನ ಲೆಕ್ಕದಲ್ಲಿ ಪ್ರೈಮರಿ, ಏಕೆಂದರೆ ಅವರಿಗೆ ಪಾರ್ಶ್ವವಾಯು ಇನ್ನೂ ಆಗಿಲ್ಲ, ಬಿ.ಪಿ. ಅದಕ್ಕೆ ಬರೀ ರಿಸ್ಕ್ ಫ್ಯಾಕ್ಟರ್. ಕಾಯಿಲೆ ಹೆಸರು ಪ್ರಶ್ನೆಯಲ್ಲಿ ಇಲ್ಲದೇ ಹೋದರೆ, ರೋಗಿ ಯಾವ ತೊಂದರೆಗೆ ಬಂದಿದ್ದಾನೋ ಅದನ್ನೇ ಕಾಯಿಲೆ ಅಂತ ಹಿಡಿಯಿರಿ.

ಎರಡನೇ ಹೆಜ್ಜೆ: ಕಾಯಿಲೆ ಎಲ್ಲಿಯವರೆಗೆ ಬಂದಿದೆ ನೋಡಿ

ಯಾವ ಕಾಯಿಲೆಗೇ ಆಗಲಿ ನಾಲ್ಕು ತಂಗುದಾಣ ಇರುತ್ತವೆ. ಮೊದಲನೆಯದು, ರಿಸ್ಕ್ ಫ್ಯಾಕ್ಟರೇ ಇನ್ನೂ ಹುಟ್ಟಿಲ್ಲ. ಎರಡನೆಯದು, ರಿಸ್ಕ್ ಇದೆ, ಕಾಯಿಲೆ ಶುರುವಾಗಿಲ್ಲ. ಮೂರನೆಯದು, ಕಾಯಿಲೆ ಒಳಗೆ ಶುರುವಾಗಿದೆ, ದೊಡ್ಡ ಹಾನಿ ಆಗಿಲ್ಲ. ನಾಲ್ಕನೆಯದು, ಹಾನಿ ಆಗಿಹೋಗಿದೆ. ಇವುಗಳಿಗೆ ಕ್ರಮವಾಗಿ ಪ್ರೈಮಾರ್ಡಿಯಲ್, ಪ್ರೈಮರಿ, ಸೆಕೆಂಡರಿ, ಟರ್ಷರಿ ಅನ್ನುತ್ತೇವೆ.

ಇದನ್ನು ರುಮ್ಯಾಟಿಕ್ ಹೃದಯ ಕಾಯಿಲೆಯ ಮೇಲೆ ಒಂದು ಸಲ ನಡೆಸಿ ನೋಡೋಣ. ನಾಲ್ಕೂ ಹಂತ ಇಷ್ಟು ಸ್ಪಷ್ಟವಾಗಿ ಕಾಣುವ ಕಾಯಿಲೆ ಇನ್ನೊಂದು ಸಿಗುವುದು ಕಷ್ಟ.

ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಯಲ್ಲಿ ಸ್ಟ್ರೆಪ್ಟೊಕಾಕಸ್ ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ಹರಡುತ್ತದೆ. ಜನರಿಗೆ ಗಾಳಿ, ಬೆಳಕು, ಜಾಗ ಇರುವ ಮನೆ ಸಿಗುವಂತೆ ಮಾಡಿದರೆ ಸೋಂಕು ಹರಡುವ ಪರಿಸ್ಥಿತಿಯೇ ಇರುವುದಿಲ್ಲ. ಇದು ಪ್ರೈಮಾರ್ಡಿಯಲ್. ಸೋಂಕು ಬಂತು, ಗಂಟಲು ನೋವಾಯಿತು, ರುಮ್ಯಾಟಿಕ್ ಜ್ವರ ಬರುವ ಮೊದಲೇ ಪೆನಿಸಿಲಿನ್ ಕೊಟ್ಟರು. ಇದು ಪ್ರೈಮರಿ. ಆ ಅವಕಾಶ ತಪ್ಪಿತು, ಹುಡುಗನಿಗೆ ಕೀಲು ಊದಿಕೊಂಡು ಜ್ವರ ಬಂದು ಹೋಯಿತು ಅಂತಿಟ್ಟುಕೊಳ್ಳಿ. ಪ್ರತಿ ಸಲ ಆ ಜ್ವರ ಮರುಕಳಿಸಿದಾಗಲೂ ಹೃದಯದ ಕವಾಟಕ್ಕೆ ಪೆಟ್ಟು ಬೀಳಬಹುದು. ಅದಕ್ಕೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಹಾಕುತ್ತಾರೆ, ವರ್ಷಗಟ್ಟಲೆ. ಇದು ಸೆಕೆಂಡರಿ. ಅದೂ ತಪ್ಪಿತು, ಮೈಟ್ರಲ್ ಕವಾಟ ಕಿರಿದಾಯಿತು, ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತದೆ. ಈಗ ಬಲೂನ್ ಹಾಕಿ ಕವಾಟ ಅಗಲ ಮಾಡುವುದು ಅಥವಾ ಕವಾಟ ಬದಲಿಸುವುದು ಟರ್ಷರಿ.

ಗಮನಿಸಿ: ಪ್ರೈಮರಿಯಲ್ಲೂ ಪೆನಿಸಿಲಿನ್, ಸೆಕೆಂಡರಿಯಲ್ಲೂ ಪೆನಿಸಿಲಿನ್. ಔಷಧಿಯ ಹೆಸರು ನೋಡಿ ಉತ್ತರ ಬರೆಯುವವರು ಎಡವುವುದು ಇಂಥ ಕಡೆಯೇ. ಹುಡುಗನಿಗೆ ರುಮ್ಯಾಟಿಕ್ ಜ್ವರ ಒಮ್ಮೆಯಾದರೂ ಬಂದಿದೆಯೋ ಇಲ್ಲವೋ, ಅದೊಂದೇ ಇಲ್ಲಿ ಗಡಿ.

ಗಡಿಯಲ್ಲಿ ಗೊಂದಲ ಆಗುವ ಜಾಗಗಳು

ಪ್ರೈಮಾರ್ಡಿಯಲ್ ಮತ್ತು ಪ್ರೈಮರಿ ನಡುವಿನ ಗಡಿ ಮೊದಲನೆಯದು. ಶಾಲೆಯ ಮಕ್ಕಳು ಇನ್ನೂ ತಂಬಾಕು ಮುಟ್ಟಿಲ್ಲ, ಮುಟ್ಟದಂತೆ ನೋಡಿಕೊಳ್ಳುವುದು ಪ್ರೈಮಾರ್ಡಿಯಲ್. ಗುಟ್ಕಾ ಹಾಕುವ ಯುವಕನಿಂದ ಅದನ್ನು ಬಿಡಿಸುವುದು ಪ್ರೈಮರಿ, ಅವನ ಬಾಯಲ್ಲಿ ಇನ್ನೂ ಏನೂ ಆಗಿಲ್ಲದಿದ್ದರೆ. ಎರಡರಲ್ಲೂ ಮಾಡುವ ಕೆಲಸ ಆರೋಗ್ಯ ಶಿಕ್ಷಣವೇ. "ಹೆಲ್ತ್ ಎಜುಕೇಷನ್" ಅನ್ನೋ ಪದ ಕಂಡ ಕೂಡಲೇ ಪ್ರೈಮರಿ ಅಂತ ಬರೆಯಬೇಡಿ. ಅಭ್ಯಾಸ ಶುರುವಾಗಿದೆಯೋ ಇಲ್ಲವೋ ನೋಡಿ.

ಪ್ರೈಮರಿಯ ಒಳಗೆ ಎರಡು ಬಗೆ: ಹೆಲ್ತ್ ಪ್ರಮೋಷನ್ ಮತ್ತು ಸ್ಪೆಸಿಫಿಕ್ ಪ್ರೊಟೆಕ್ಷನ್. ಒಳ್ಳೆಯ ಊಟ, ಶುದ್ಧ ನೀರು ಇವೆಲ್ಲ ಯಾವುದೋ ಒಂದು ಕಾಯಿಲೆಗೆ ಗುರಿ ಇಟ್ಟದ್ದಲ್ಲ, ಹಾಗಾಗಿ ಪ್ರಮೋಷನ್. ಲಸಿಕೆ, ಹೆಲ್ಮೆಟ್, ಅಯೋಡಿನ್ ಉಪ್ಪು, ವಿಟಮಿನ್ ಎ ಹನಿ ಇವು ಒಂದು ನಿರ್ದಿಷ್ಟ ತೊಂದರೆಗೆ ಗುರಿ ಇಟ್ಟವು, ಹಾಗಾಗಿ ಪ್ರೊಟೆಕ್ಷನ್. ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳುವಂಥದ್ದು ಇಲ್ಲ.

ಟರ್ಷರಿಯ ಒಳಗಿನ ಎರಡು ಬಗೆ ಮಾತ್ರ ನಿಜಕ್ಕೂ ಯೋಚನೆ ಬೇಡುತ್ತದೆ. ಒಂದು ಡಿಸಬಿಲಿಟಿ ಲಿಮಿಟೇಷನ್, ಅಂದರೆ ಆಗಿರುವ ಹಾನಿ ಅಂಗವೈಕಲ್ಯದವರೆಗೆ ಹೋಗದಂತೆ ಅಲ್ಲೇ ನಿಲ್ಲಿಸುವುದು. ಇನ್ನೊಂದು ರಿಹ್ಯಾಬಿಲಿಟೇಷನ್, ಅಂದರೆ ವೈಕಲ್ಯ ಉಳಿದಿದೆ ಅಂತ ಒಪ್ಪಿಕೊಂಡು ಆ ವ್ಯಕ್ತಿ ಬದುಕು ನಡೆಸುವಂತೆ ಮಾಡುವುದು. ಕುಷ್ಠರೋಗವನ್ನು ತೆಗೆದುಕೊಳ್ಳಿ. ಒಬ್ಬ ಕೂಲಿ ಕಾರ್ಮಿಕನಿಗೆ ಪಾದದಲ್ಲಿ ಸ್ಪರ್ಶ ಹೋಗಿದೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಗಾಯ ಕೀವಾಗಿ ಮೂಳೆಯವರೆಗೆ ಹೋಗುತ್ತದೆ. ಅವನಿಗೆ ಮೆತ್ತನೆ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಕೊಡುತ್ತಾರೆ. ದಿನಾ ಸಂಜೆ ಪಾದ ನೀರಲ್ಲಿ ನೆನೆಸಿ, ಒರೆಸಿ, ಎಣ್ಣೆ ಹಚ್ಚಿ, ಗಾಯ ಇದೆಯಾ ಅಂತ ನೋಡಿಕೊಳ್ಳುವುದನ್ನು ಹೇಳಿಕೊಡುತ್ತಾರೆ. ಇದು ಡಿಸಬಿಲಿಟಿ ಲಿಮಿಟೇಷನ್. ಬೆರಳು ಆಗಲೇ ಮಡಚಿಕೊಂಡು ಹೋಗಿದೆ, ಆಪರೇಷನ್ ಮಾಡಿ ಹಿಡಿತ ಬರುವಂತೆ ಮಾಡಿ, ಅವನಿಗೆ ಹೊಲಿಗೆ ಮೆಷಿನ್ ಕೊಡಿಸಿ ಕೆಲಸ ಕಲಿಸಿದರೆ ಅದು ರಿಹ್ಯಾಬಿಲಿಟೇಷನ್. ಪೋಲಿಯೊದಲ್ಲೂ ಹೀಗೆಯೇ: ಲಕ್ವ ಹೊಡೆದ ಕಾಲನ್ನು ಸೊಟ್ಟಗಾಗದ ಭಂಗಿಯಲ್ಲಿ ಇಡುವುದು ಲಿಮಿಟೇಷನ್, ಕ್ಯಾಲಿಪರ್ ಹಾಕಿಸುವುದು ರಿಹ್ಯಾಬಿಲಿಟೇಷನ್.

ಇನ್ನೊಂದು ಗೊಂದಲ ಪುಸ್ತಕಗಳಿಂದಲೇ ಬರುತ್ತದೆ. ಹೃದಯಾಘಾತ ಆದವರಿಗೆ ಮತ್ತೊಮ್ಮೆ ಆಗದಂತೆ ಆಸ್ಪಿರಿನ್ ಕೊಡುವುದನ್ನು ಹೃದಯ ತಜ್ಞರು "ಸೆಕೆಂಡರಿ ಪ್ರಿವೆನ್ಷನ್" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಮೊದಲ ಆಘಾತ ತಡೆಯುವುದು ಪ್ರೈಮರಿ, ಎರಡನೆಯದನ್ನು ತಡೆಯುವುದು ಸೆಕೆಂಡರಿ. ಕಮ್ಯುನಿಟಿ ಮೆಡಿಸಿನ್ ಲೆಕ್ಕದಲ್ಲಿ ನೋಡಿದರೆ ಹೃದಯಕ್ಕೆ ಹಾನಿ ಆಗಿಹೋಗಿದೆ, ಹಾಗಾಗಿ ಅದನ್ನು ಟರ್ಷರಿಗೆ ಸೇರಿಸುವವರೂ ಇದ್ದಾರೆ. ಇಂಥ ಪ್ರಶ್ನೆ ಬಂದರೆ ಅದು ಯಾವ ವಿಷಯದ ಪೇಪರ್ ಅಂತ ನೋಡಿ, ಆಪ್ಷನ್‌ಗಳನ್ನು ಓದಿ. ಪ್ರಶ್ನೆಯಲ್ಲಿ "ಮರುಕಳಿಸದಂತೆ" ಅನ್ನೋ ಮಾತು ಇದ್ದರೆ ಸೆಕೆಂಡರಿ ಕಡೆ ವಾಲಿರುತ್ತದೆ.

ಮೂರನೇ ಹೆಜ್ಜೆ: ಇದು ಸ್ಕ್ರೀನಿಂಗೇ ಹೌದಾ?

ಸ್ಕ್ರೀನಿಂಗ್ ಅಂದರೆ ಸೆಕೆಂಡರಿ ಪ್ರಿವೆನ್ಷನ್. ಅದು ಎಲ್ಲರಿಗೂ ಗೊತ್ತು. ಆದರೆ ಯಾವುದು ಸ್ಕ್ರೀನಿಂಗ್ ಅನ್ನುವುದು ಟೆಸ್ಟ್‌ನಿಂದ ನಿರ್ಧಾರ ಆಗುವುದಿಲ್ಲ. ಆ ವ್ಯಕ್ತಿ ಯಾಕೆ ಬಂದಿದ್ದಾರೆ ಅನ್ನುವುದರಿಂದ ಆಗುತ್ತದೆ.

ಗರ್ಭಕಂಠದ ಜೀವಕೋಶ ತೆಗೆದು ನೋಡುವ ಪ್ಯಾಪ್ ಸ್ಮಿಯರ್ ಟೆಸ್ಟ್ ತೆಗೆದುಕೊಳ್ಳಿ. ಯಾವ ತೊಂದರೆಯೂ ಇಲ್ಲದ 35 ವರ್ಷದ ಮಹಿಳೆಯನ್ನು ಆಶಾ ಕಾರ್ಯಕರ್ತೆ ಮನೆಯಿಂದ ಕರೆದುಕೊಂಡು ಬಂದು ಟೆಸ್ಟ್ ಮಾಡಿಸಿದರೆ ಅದು ಸ್ಕ್ರೀನಿಂಗ್. ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿದೆ ಅಂತ ತಾವೇ ಬಂದವರಿಗೆ ಅದೇ ಟೆಸ್ಟ್ ಮಾಡಿದರೆ ಅದು ರೋಗ ಪತ್ತೆಯ ತನಿಖೆ, ಸ್ಕ್ರೀನಿಂಗ್ ಅಲ್ಲ. ಇವೆರಡರ ನಡುವೆ ಕೇಸ್ ಫೈಂಡಿಂಗ್ ಅಂತ ಒಂದು ಇದೆ. ಬೇರೆ ಕಾರಣಕ್ಕೆ ಆಸ್ಪತ್ರೆಗೆ ಬಂದವರಲ್ಲಿ ಹುಡುಕುವುದು. ಬಸುರಿ ತಪಾಸಣೆಗೆ ಬಂದವರಿಗೆ ಸಿಫಿಲಿಸ್ ಟೆಸ್ಟ್ ಮಾಡುವುದು ಇದಕ್ಕೆ ಪುಸ್ತಕದ ಉದಾಹರಣೆ.

ಸ್ಕ್ರೀನಿಂಗ್ ಪಾಸಿಟಿವ್ ಬಂತು ಅಂದರೆ ಕಾಯಿಲೆ ಇದೆ ಅಂತಲ್ಲ. "ಇವರನ್ನು ಇನ್ನೂ ಸರಿಯಾಗಿ ನೋಡಬೇಕು" ಅಂತ ಮಾತ್ರ. ಇದನ್ನು ಹಳ್ಳಿಯಲ್ಲಿ ಕೆಲಸ ಮಾಡುವವರು ಬಾಯಿಬಿಟ್ಟು ಹೇಳಲೇಬೇಕು. ಹೇಳದೇ ಚೀಟಿ ಕೊಟ್ಟು ಕಳಿಸಿದರೆ ಆ ಮನೆಯಲ್ಲಿ ಅಂದು ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ.

ನಾಲ್ಕನೇ ಹೆಜ್ಜೆ: ಸ್ಕ್ರೀನಿಂಗ್ ಮಾಡಬಹುದಾ ಅಂತ ಅಳೆಯುವುದು

ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಹತ್ತು ಮಾನದಂಡಗಳನ್ನು ಕೊಟ್ಟರು. ಇವತ್ತಿಗೂ ಪರೀಕ್ಷೆಯಲ್ಲಿ ಕೇಳುವುದು ಅವನ್ನೇ. ಹತ್ತನ್ನೂ ಬಾಯಿಪಾಠ ಮಾಡಿದರೆ ಒಂದೆರಡು ಮರೆತೇ ಹೋಗುತ್ತವೆ. ನಾನು ಮೂರು ಪ್ರಶ್ನೆಯಾಗಿ ಹೇಳಿಕೊಡುತ್ತೇನೆ: ಕಾಯಿಲೆ ಎಂಥದ್ದು? ಟೆಸ್ಟ್ ಎಂಥದ್ದು? ಪಾಸಿಟಿವ್ ಬಂದ ಮೇಲೆ ಏನು?

ಗರ್ಭಕಂಠದ ಕ್ಯಾನ್ಸರ್ ಮೇಲೆ ಇದನ್ನು ಹಚ್ಚಿ ನೋಡಿ. ಭಾರತದಲ್ಲಿ ಸಾಂಕ್ರಾಮಿಕವಲ್ಲದ ಕಾಯಿಲೆಗಳ ಎನ್.ಸಿ.ಡಿ. ಕಾರ್ಯಕ್ರಮದಡಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಮಾಡಬೇಕು ಅಂತ ಇದೆ. ನೀವು ಕಮ್ಯುನಿಟಿ ಹೆಲ್ತ್ ಆಫೀಸರ್, ಅಂದರೆ ಸಿ.ಎಚ್.ಒ. ಆದರೆ ನಿಮ್ಮ ಕೆಲಸದಲ್ಲೇ ಬರುತ್ತದೆ.

ಕಾಯಿಲೆ ಎಂಥದ್ದು? ನಮ್ಮ ದೇಶದ ಹೆಂಗಸರಲ್ಲಿ ತುಂಬಾ ಕಾಣುವ ಕ್ಯಾನ್ಸರ್‌ಗಳಲ್ಲಿ ಒಂದು. ಅದು ನಡೆಯುವ ದಾರಿ ಚೆನ್ನಾಗಿ ಗೊತ್ತಿದೆ: ಎಚ್.ಪಿ.ವಿ. ವೈರಸ್ ಸೋಂಕು ಉಳಿದುಕೊಳ್ಳುತ್ತದೆ, ಜೀವಕೋಶಗಳು ಬದಲಾಗುತ್ತವೆ, ಆಮೇಲೆ ಕ್ಯಾನ್ಸರ್. ಸಾಮಾನ್ಯವಾಗಿ ಇದಕ್ಕೆ ಹತ್ತು ವರ್ಷವೋ ಅದಕ್ಕಿಂತ ಜಾಸ್ತಿಯೋ ಬೇಕಾಗುತ್ತದೆ. ಈ ಉದ್ದದ ಅವಧಿಯೇ ಸ್ಕ್ರೀನಿಂಗಿಗೆ ಸಿಗುವ ಜಾಗ. ಎರಡೇ ದಿನದಲ್ಲಿ ಲಕ್ಷಣ ಬಂದುಬಿಡುವ ಕಾಯಿಲೆಗೆ ಸ್ಕ್ರೀನಿಂಗ್ ಮಾಡಲು ಹೊತ್ತೇ ಇರುವುದಿಲ್ಲ.

ಇಲ್ಲಿ ಒಬ್ಬ ಚುರುಕು ವಿದ್ಯಾರ್ಥಿನಿ ಕೇಳಬಹುದು: "ಮೇಡಂ, ಜೀವಕೋಶ ಬದಲಾದ ಹಂತದಲ್ಲೇ ಹಿಡಿದರೆ ಕ್ಯಾನ್ಸರ್ ಇನ್ನೂ ಬಂದಿಲ್ಲ ಅಲ್ವಾ? ಹಾಗಾದ್ರೆ ಅದು ಪ್ರೈಮರಿ ಆಗಬೇಕು." ಒಳ್ಳೆಯ ಪ್ರಶ್ನೆ. ಉತ್ತರ ಏನೆಂದರೆ, ಕಾಯಿಲೆಯ ಪ್ರಕ್ರಿಯೆ ದೇಹದೊಳಗೆ ಶುರುವಾಗಿದೆ, ಅದನ್ನು ಲಕ್ಷಣ ಬರುವ ಮೊದಲೇ ಹುಡುಕಿ ಚಿಕಿತ್ಸೆ ಕೊಡುತ್ತಿದ್ದೇವೆ. ಅದಕ್ಕೇ ಇದು ಸೆಕೆಂಡರಿ. ವೈರಸ್ಸೇ ಬರದಂತೆ ಹುಡುಗಿಯರಿಗೆ ಕೊಡುವ ಎಚ್.ಪಿ.ವಿ. ಲಸಿಕೆ ಪ್ರೈಮರಿ.

ಟೆಸ್ಟ್ ಎಂಥದ್ದು? ವಿ.ಐ.ಎ. ವಿಧಾನದಲ್ಲಿ ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಸಿಡ್ ಹಚ್ಚುತ್ತಾರೆ, 3ರಿಂದ 5 ಪರ್ಸೆಂಟಿನದು. ಒಂದು ನಿಮಿಷ ಕಾಯುತ್ತಾರೆ. ಬದಲಾದ ಜೀವಕೋಶ ಇರುವ ಕಡೆ ದಟ್ಟ ಬಿಳಿ ಮಚ್ಚೆ ಏಳುತ್ತದೆ. ಲ್ಯಾಬ್ ಬೇಡ, ಮೈಕ್ರೋಸ್ಕೋಪ್ ಬೇಡ, ತರಬೇತಿ ಆದ ನರ್ಸ್ ಮಾಡಬಹುದು, ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಅಗ್ಗ, ಬೇಗ, ಸುರಕ್ಷಿತ.

ಟೆಸ್ಟ್‌ಗೆ ಮೂರು ಗುಣ ಬೇಕು ಅಂತ ಪುಸ್ತಕ ಹೇಳುತ್ತದೆ. ಮೊದಲನೆಯದು, ಜನ ಒಪ್ಪಬೇಕು. ಪರದೆ ಇಲ್ಲದ ಕೋಣೆಯಲ್ಲಿ ಗಂಡಸು ಸಿಬ್ಬಂದಿ ಓಡಾಡುತ್ತಿದ್ದರೆ ಎಷ್ಟು ಒಳ್ಳೆ ಟೆಸ್ಟ್ ಇದ್ದರೂ ಯಾರೂ ಬರುವುದಿಲ್ಲ. ಎರಡನೆಯದು, ಮತ್ತೆ ಮಾಡಿದರೂ ಅದೇ ಫಲಿತಾಂಶ ಬರಬೇಕು. ವಿ.ಐ.ಎ.ಯ ದೌರ್ಬಲ್ಯ ಇಲ್ಲೇ ಇದೆ, ಒಬ್ಬ ನರ್ಸ್ ಬಿಳಿ ಅಂದದ್ದನ್ನು ಇನ್ನೊಬ್ಬರು ಅಲ್ಲ ಅನ್ನಬಹುದು. ಮೂರನೆಯದು ವ್ಯಾಲಿಡಿಟಿ, ಅಂದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕು. ಎರಡು ಮತ್ತು ಮೂರನ್ನು ಕಲಸಿಕೊಳ್ಳಬೇಡಿ. ಯಾವಾಗಲೂ 10 ಅಂಕಿ ಜಾಸ್ತಿ ತೋರಿಸುವ ಬಿ.ಪಿ. ಮೆಷಿನ್ ಪ್ರತಿ ಸಲವೂ ಒಂದೇ ಥರ ಹೇಳುತ್ತದೆ. ಅದಕ್ಕೆ ರಿಪೀಟಬಿಲಿಟಿ ಇದೆ, ವ್ಯಾಲಿಡಿಟಿ ಇಲ್ಲ.

ಪಾಸಿಟಿವ್ ಬಂದ ಮೇಲೆ ಏನು? ವಿದ್ಯಾರ್ಥಿಗಳು ಉತ್ತರದಲ್ಲಿ ಬಿಟ್ಟುಬಿಡುವುದು ಇದನ್ನೇ. ಯಾರಿಗೆ ಚಿಕಿತ್ಸೆ, ಯಾರಿಗೆ ಬೇಡ ಅಂತ ಒಪ್ಪಿತ ನಿಯಮ ಇರಬೇಕು. ರೋಗ ಖಚಿತ ಮಾಡುವ, ಚಿಕಿತ್ಸೆ ಕೊಡುವ ಜಾಗ ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಚಿಕಿತ್ಸೆ ನಿಜಕ್ಕೂ ಕೆಲಸ ಮಾಡಬೇಕು. ಖರ್ಚು ಹೊಂದಬೇಕು. ಒಂದು ಸಲ ಕ್ಯಾಂಪ್ ಮಾಡಿ ಮುಗಿಸದೇ ಮುಂದುವರಿಸಬೇಕು. ಸಬ್ ಸೆಂಟರಿನಲ್ಲಿ ಪಾಸಿಟಿವ್ ಅಂತ ಬರೆದುಕೊಟ್ಟು, ಗರ್ಭಕಂಠವನ್ನು ದೊಡ್ಡದಾಗಿಸಿ ನೋಡುವ ಕಾಲ್ಪೊಸ್ಕೋಪಿಗೆ ಬಸ್ಸಿನಲ್ಲಿ ಅರ್ಧ ದಿನ ದೂರದ ಆಸ್ಪತ್ರೆಗೆ ಹೋಗಬೇಕು ಅಂದರೆ ಎಷ್ಟೋ ಮಂದಿ ಹೋಗುವುದೇ ಇಲ್ಲ. ಆಗ ಆ ಸ್ಕ್ರೀನಿಂಗಿನಿಂದ ಅವರಿಗೆ ಸಿಕ್ಕಿದ್ದು ಹೆದರಿಕೆ ಮಾತ್ರ. ವಿ.ಐ.ಎ. ಜೊತೆಗೆ ಅದೇ ದಿನ ಮಚ್ಚೆಯನ್ನು ಶಾಖದಿಂದ ಸುಡುವ ಅಥವಾ ತಣ್ಣಗಿನ ಅನಿಲದಿಂದ ಹೆಪ್ಪುಗಟ್ಟಿಸಿ ನಾಶ ಮಾಡುವ ವ್ಯವಸ್ಥೆ ಬಂದಿದ್ದು ಈ ಕಾರಣಕ್ಕೇ.

ಐದನೇ ಹೆಜ್ಜೆ: ನಾಲ್ಕು ಮನೆಯ ಟೇಬಲ್

ಲೆಕ್ಕ ಬಂದರೆ ಹೆದರಬೇಡಿ, ಟೇಬಲ್ ಹಾಕಿ. ಈ ಕೆಳಗಿನ ಅಂಕಿ ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಇಟ್ಟವು. ಒಂದು ತಾಲ್ಲೂಕಿನಲ್ಲಿ 10,000 ಮಹಿಳೆಯರಿಗೆ ಟೆಸ್ಟ್ ಮಾಡುತ್ತೇವೆ. ಅವರಲ್ಲಿ 100 ಜನರಿಗೆ ನಿಜವಾಗಿ ತೊಂದರೆ ಇದೆ, ಅಂದರೆ ಪ್ರಿವಲೆನ್ಸ್ 1 ಪರ್ಸೆಂಟ್. ಟೆಸ್ಟಿನ ಸೆನ್ಸಿಟಿವಿಟಿ 80 ಪರ್ಸೆಂಟ್, ಸ್ಪೆಸಿಫಿಸಿಟಿ 90 ಪರ್ಸೆಂಟ್.

ಕಾಯಿಲೆಯನ್ನು ಯಾವಾಗಲೂ ಮೇಲೆ ಬರೆಯಿರಿ, ಟೆಸ್ಟನ್ನು ಎಡಕ್ಕೆ. ಈ ಕ್ರಮ ಒಮ್ಮೆ ಅದಲು ಬದಲಾದರೆ ಮುಂದಿನ ಎಲ್ಲಾ ಸೂತ್ರವೂ ತಲೆಕೆಳಗಾಗುತ್ತದೆ.

| | ಕಾಯಿಲೆ ಇದೆ | ಕಾಯಿಲೆ ಇಲ್ಲ | ಒಟ್ಟು |
|---|---|---|---|
| ಪಾಸಿಟಿವ್ | 80 | 990 | 1,070 |
| ನೆಗೆಟಿವ್ | 20 | 8,910 | 8,930 |
| ಒಟ್ಟು | 100 | 9,900 | 10,000 |

ಕೆಳಗಿನ ಒಟ್ಟು ಮೊದಲು ತುಂಬಿ: 100 ಮತ್ತು 9,900. ಸೆನ್ಸಿಟಿವಿಟಿ ಅಂದರೆ ಕಾಯಿಲೆ ಇರುವವರಲ್ಲಿ ಎಷ್ಟು ಜನರನ್ನು ಟೆಸ್ಟ್ ಹಿಡಿಯಿತು. 100ರಲ್ಲಿ 80. ಉಳಿದ 20 ಜನ ತಪ್ಪಿಸಿಕೊಂಡರು. ಸ್ಪೆಸಿಫಿಸಿಟಿ ಅಂದರೆ ಕಾಯಿಲೆ ಇಲ್ಲದವರಲ್ಲಿ ಎಷ್ಟು ಜನರಿಗೆ ಟೆಸ್ಟ್ ಸರಿಯಾಗಿ "ಇಲ್ಲ" ಅಂದಿತು. 9,900ರ 90 ಪರ್ಸೆಂಟ್ 8,910. ಉಳಿದ 990 ಜನ ಸುಮ್ನೆ ಪಾಸಿಟಿವ್ ಆದರು.

ಈಗ ನರ್ಸ್ ಎದುರು ಪಾಸಿಟಿವ್ ಚೀಟಿ ಹಿಡಿದು ಕೂತ ಮಹಿಳೆ ಕೇಳುತ್ತಾರೆ: "ಸಿಸ್ಟರ್, ನಂಗೆ ಇದೆಯಾ?" ಇದಕ್ಕೆ ಸೆನ್ಸಿಟಿವಿಟಿ ಉತ್ತರ ಕೊಡುವುದಿಲ್ಲ. ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ ಕೊಡುತ್ತದೆ. ಪಾಸಿಟಿವ್ ಬಂದ 1,070 ಜನರಲ್ಲಿ ನಿಜವಾಗಿ ಇರುವುದು 80 ಜನಕ್ಕೆ. 80 ÷ 1,070, ಸುಮಾರು 7.5 ಪರ್ಸೆಂಟ್. ಅಂದರೆ ಪಾಸಿಟಿವ್ ಬಂದ ನೂರು ಜನರಲ್ಲಿ ಸುಮಾರು ತೊಂಬತ್ತೆರಡು ಮಂದಿಗೆ ಏನೂ ಇರುವುದಿಲ್ಲ. ನೆಗೆಟಿವ್ ಬಂದವರಿಗೆ ಮಾತ್ರ ಧೈರ್ಯ ಹೇಳಬಹುದು: ನೆಗೆಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ 8,910 ÷ 8,930, ಸುಮಾರು 99.8 ಪರ್ಸೆಂಟ್.

ನೆನಪಿಡಲು ಒಂದೇ ಸೂತ್ರ ಸಾಕು. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡೂ ಮೇಲಿಂದ ಕೆಳಕ್ಕೆ ಓದುತ್ತವೆ. ಪ್ರಿಡಿಕ್ಟಿವ್ ವ್ಯಾಲ್ಯೂ ಎರಡೂ ಅಡ್ಡಕ್ಕೆ ಓದುತ್ತವೆ.

ಅದೇ ಟೆಸ್ಟನ್ನು ರಿಸ್ಕ್ ಜಾಸ್ತಿ ಇರುವ ಗುಂಪಿಗೆ ಮಾಡೋಣ. 10,000 ಜನರಲ್ಲಿ 1,000 ಜನರಿಗೆ ಕಾಯಿಲೆ ಇದೆ. ಹಿಡಿದದ್ದು 800, ಸುಮ್ನೆ ಪಾಸಿಟಿವ್ ಆದವರು 900. ಈಗ ಪ್ರಿಡಿಕ್ಟಿವ್ ವ್ಯಾಲ್ಯೂ 800 ÷ 1,700, ಸುಮಾರು 47 ಪರ್ಸೆಂಟ್. ಟೆಸ್ಟ್ ಬದಲಾಗಿಲ್ಲ, ನರ್ಸ್ ಬದಲಾಗಿಲ್ಲ, ಜನ ಮಾತ್ರ ಬದಲಾದರು. "ಪ್ರಿವಲೆನ್ಸ್ ಜಾಸ್ತಿಯಾದರೆ ಯಾವುದು ಬದಲಾಗುತ್ತದೆ?" ಅಂತ ಕೇಳಿದರೆ ಉತ್ತರ ಪ್ರಿಡಿಕ್ಟಿವ್ ವ್ಯಾಲ್ಯೂ. ಸೆನ್ಸಿಟಿವಿಟಿ ಮತ್ತು ಸ್ಪೆಸಿಫಿಸಿಟಿ ಟೆಸ್ಟಿನ ಗುಣ ಅಂತಲೇ ಹಿಡಿಯಿರಿ.

ಇನ್ನು ಕಟ್-ಆಫ್ ಪ್ರಶ್ನೆ. ರಕ್ತದ ಸಕ್ಕರೆಯ ಗಡಿಯನ್ನು 180ರಿಂದ 140ಕ್ಕೆ ಇಳಿಸಿದರೆ ಮಧುಮೇಹ ಇರುವವರು ತಪ್ಪಿಸಿಕೊಳ್ಳುವುದು ಕಮ್ಮಿಯಾಗುತ್ತದೆ, ಸೆನ್ಸಿಟಿವಿಟಿ ಏರುತ್ತದೆ. ಆದರೆ ಇಲ್ಲದವರೂ ಹೆಚ್ಚು ಸಿಕ್ಕಿಬೀಳುತ್ತಾರೆ, ಸ್ಪೆಸಿಫಿಸಿಟಿ ಇಳಿಯುತ್ತದೆ. ಒಂದನ್ನು ಎಳೆದರೆ ಇನ್ನೊಂದು ಜಾರುತ್ತದೆ. ಯಾವ ಕಡೆ ಎಳೆಯಬೇಕು ಅನ್ನುವುದು ಯಾವ ತಪ್ಪಿಗೆ ಬೆಲೆ ಜಾಸ್ತಿ ಅನ್ನುವುದರ ಮೇಲೆ ನಿಂತಿದೆ. ರಕ್ತನಿಧಿಯಲ್ಲಿ ಎಚ್.ಐ.ವಿ. ಇರುವ ಒಂದು ಬಾಟಲಿ ತಪ್ಪಿಸಿಕೊಂಡರೂ ಒಬ್ಬರ ಬದುಕೇ ಹೋಗುತ್ತದೆ, ಹಾಗಾಗಿ ಅಲ್ಲಿ ಸೆನ್ಸಿಟಿವಿಟಿ ಮುಖ್ಯ, ಅನುಮಾನ ಬಂದರೆ ಬಾಟಲಿ ಬಿಸಾಡುತ್ತಾರೆ. ಅದೇ ಎಚ್.ಐ.ವಿ.ಯನ್ನು ಲಕ್ಷಣವಿಲ್ಲದ ಒಬ್ಬ ವ್ಯಕ್ತಿಗೆ "ಇದೆ" ಅಂತ ಹೇಳುವ ಮೊದಲು ಮೂರು ಬೇರೆ ಬೇರೆ ಟೆಸ್ಟ್ ಒಂದರ ಹಿಂದೆ ಒಂದು ಮಾಡುತ್ತಾರೆ. ಮೂರೂ ಪಾಸಿಟಿವ್ ಆಗಬೇಕು ಅಂದಾಗ ಒಟ್ಟಾರೆ ಸ್ಪೆಸಿಫಿಸಿಟಿ ಏರುತ್ತದೆ.

ಆರನೇ ಹೆಜ್ಜೆ: ಬದುಕು ಉದ್ದವಾಯಿತಾ, ಕಾಯಿಲೆಯ ಲೆಕ್ಕ ಉದ್ದವಾಯಿತಾ?

ಲೀಡ್ ಟೈಮ್ ಅಂದರೆ ಸ್ಕ್ರೀನಿಂಗಿನಿಂದ ಕಾಯಿಲೆ ಎಷ್ಟು ಮೊದಲೇ ಸಿಕ್ಕಿತು ಅನ್ನುವ ಅವಧಿ. ಇದು ಲಾಭವೂ ಹೌದು, ಮೋಸವೂ ಮಾಡುತ್ತದೆ.

ಒಬ್ಬ ಮಹಿಳೆಗೆ 50ನೇ ವಯಸ್ಸಿನಲ್ಲಿ ಲಕ್ಷಣ ಬಂದು ಕ್ಯಾನ್ಸರ್ ಗೊತ್ತಾಯಿತು, 54ಕ್ಕೆ ತೀರಿಕೊಂಡರು. ಪತ್ತೆಯಾದ ಮೇಲೆ ಬದುಕಿದ್ದು 4 ವರ್ಷ. ಅವರಿಗೇ 46ರಲ್ಲಿ ಸ್ಕ್ರೀನಿಂಗಿನಲ್ಲಿ ಸಿಕ್ಕಿದ್ದರೆ, ಚಿಕಿತ್ಸೆಯಿಂದ ಏನೂ ಪ್ರಯೋಜನ ಆಗದೇ ಅದೇ 54ಕ್ಕೆ ತೀರಿಕೊಂಡಿದ್ದರೆ, ಲೆಕ್ಕದಲ್ಲಿ 8 ವರ್ಷ ಬದುಕಿದರು ಅಂತಾಗುತ್ತದೆ. ಎರಡು ಪಟ್ಟು! ಆದರೆ ಆಯುಸ್ಸು ಒಂದು ದಿನವೂ ಬೆಳೆದಿಲ್ಲ. ನಾಲ್ಕು ವರ್ಷ ಮೊದಲೇ ಚಿಂತೆ ಶುರುವಾಯಿತು, ಅಷ್ಟೇ. ಇದಕ್ಕೆ ಲೀಡ್ ಟೈಮ್ ಬಯಾಸ್ ಅನ್ನುತ್ತಾರೆ. ಸ್ಕ್ರೀನಿಂಗ್ ಕೆಲಸ ಮಾಡಿತಾ ಅಂತ ತಿಳಿಯಲು ಬದುಕಿದ ವರ್ಷ ಎಣಿಸಬಾರದು. ಸ್ಕ್ರೀನಿಂಗ್ ಆದ ಗುಂಪಿನಲ್ಲಿ ಆ ಕಾಯಿಲೆಯಿಂದ ಸಾಯುವವರ ಪ್ರಮಾಣ ಇಳಿಯಿತಾ ಅಂತ ನೋಡಬೇಕು.

ವಿ.ಐ.ಎ. ಈ ಪರೀಕ್ಷೆಯನ್ನು ದಾಟಿದೆ. ಮುಂಬೈನ ಟಾಟಾ ಮೆಮೊರಿಯಲ್ ಆಸ್ಪತ್ರೆ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರ ನಡುವೆ ದೊಡ್ಡ ಅಧ್ಯಯನ ಮಾಡಿತು. ಟೆಸ್ಟ್ ಮಾಡಿದ್ದು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಎರಡು ವರ್ಷಕ್ಕೊಮ್ಮೆ ಸ್ಕ್ರೀನಿಂಗ್ ಆದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು 31 ಪರ್ಸೆಂಟ್ ಕಮ್ಮಿಯಾಯಿತು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ದೀರ್ಘ ಉತ್ತರ ಬರೆಯುವಾಗ ಈ ಒಂದು ಸಾಲು ಇದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ.

ದಾಟದ ಉದಾಹರಣೆ ದಕ್ಷಿಣ ಕೊರಿಯಾದ್ದು. ಅಲ್ಲಿ 1999ರಿಂದ ಸರ್ಕಾರದ ಕ್ಯಾನ್ಸರ್ ತಪಾಸಣೆ ಶುರುವಾಯಿತು. ಅದರ ಪಟ್ಟಿಯಲ್ಲಿ ಥೈರಾಯ್ಡ್ ಇರಲಿಲ್ಲ. ಆದರೆ ಆಸ್ಪತ್ರೆಗಳು ಸ್ವಲ್ಪ ಹಣಕ್ಕೆ ಕುತ್ತಿಗೆಯ ಸ್ಕ್ಯಾನಿಂಗನ್ನೂ ಜೊತೆಗೆ ಸೇರಿಸಿ ಕೊಡತೊಡಗಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರದ್ದಕ್ಕಿಂತ 15 ಪಟ್ಟಾಯಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಹಾಗೇ ಇತ್ತು. ಅಂದರೆ ಸಿಕ್ಕವುಗಳಲ್ಲಿ ಬಹುಪಾಲು, ಜೀವಮಾನವಿಡೀ ಸುಮ್ಮನಿರುತ್ತಿದ್ದ ಪುಟ್ಟ ಗಂಟುಗಳು. ಅವಕ್ಕಾಗಿ ಸಾವಿರಾರು ಜನ ಥೈರಾಯ್ಡ್ ತೆಗೆಸಿಕೊಂಡರು, ಜೀವನಪೂರ್ತಿ ಹಾರ್ಮೋನ್ ಮಾತ್ರೆ ನುಂಗುವಂತಾಯಿತು. ಕೆಲವರಿಗೆ ದನಿಯ ನರಕ್ಕೆ ಪೆಟ್ಟಾಯಿತು. ಇದಕ್ಕೆ ಓವರ್ ಡಯಾಗ್ನೋಸಿಸ್ ಅನ್ನುತ್ತಾರೆ.

ಇದನ್ನು ಮೂರು ಪ್ರಶ್ನೆಗೆ ಹಚ್ಚಿ ನೋಡಿ. ಟೆಸ್ಟಿನಲ್ಲಿ ದೋಷ ಇಲ್ಲ: ಸ್ಕ್ಯಾನಿಂಗ್ ಅಗ್ಗ, ನೋವಿಲ್ಲ, ಜನ ಖುಷಿಯಿಂದ ಒಪ್ಪಿದರು. ಗಂಟನ್ನು ಹಿಡಿಯುವುದರಲ್ಲೂ ಚೆನ್ನಾಗಿತ್ತು. ಬಿದ್ದದ್ದು ಮೊದಲನೆಯ ಮತ್ತು ಮೂರನೆಯ ಪ್ರಶ್ನೆಯಲ್ಲಿ. ಯಾವ ಗಂಟು ಬೆಳೆಯುತ್ತದೆ, ಯಾವುದು ಬೆಳೆಯುವುದಿಲ್ಲ ಅನ್ನುವುದು ಗೊತ್ತಿರಲಿಲ್ಲ, ಹಾಗಾಗಿ ಯಾರಿಗೆ ಚಿಕಿತ್ಸೆ ಕೊಡಬೇಕು ಅನ್ನುವ ನಿಯಮವೂ ಗಟ್ಟಿಯಾಗಿರಲಿಲ್ಲ. "ಒಳ್ಳೆಯ ಟೆಸ್ಟ್ ಇದ್ದರೆ ಸ್ಕ್ರೀನಿಂಗ್ ಮಾಡಬಹುದೇ? ಚರ್ಚಿಸಿ" ಅಂತ ಐದು ಅಂಕದ ಪ್ರಶ್ನೆ ಬಂದರೆ ಒಂದು ಕಡೆ ಗರ್ಭಕಂಠ, ಇನ್ನೊಂದು ಕಡೆ ಥೈರಾಯ್ಡ್ ಇಟ್ಟು, ಮೂರು ಪ್ರಶ್ನೆಗಳನ್ನು ಎರಡಕ್ಕೂ ಕೇಳಿ ಬರೆಯಿರಿ.